ಬಾಂಡ್ ಪೇಟೆ ‘ಹಣದುಬ್ಬರ ಸೊನ್ನೆ’ ಅಂದಾಗ

2008ರ ನವೆಂಬರ್ ಕೊನೆಗೆ ಅಮೆರಿಕದ ಬಾಂಡ್ ಪೇಟೆಯ ಲೆಕ್ಕ ನೋಡಿದವರಿಗೆ ಗಾಬರಿಯಾಗಬೇಕಿತ್ತು. ಮುಂದಿನ ಹತ್ತು ವರ್ಷ ಬೆಲೆಗಳು ಏರುವುದೇ ಇಲ್ಲ ಎಂಬಂತಿತ್ತು ಅದು.

ಈ ಲೆಕ್ಕಕ್ಕೆ ಎರಡು ಸರ್ಕಾರಿ ಬಾಂಡ್ ಬೇಕು. ಒಂದು ಮಾಮೂಲಿ ಟ್ರೆಷರಿ ಬಾಂಡ್. ಇನ್ನೊಂದು 1997ರಲ್ಲಿ ಶುರುವಾದ ‘ಟಿಪ್ಸ್’. ಗ್ರಾಹಕ ಬೆಲೆ ಸೂಚ್ಯಂಕ ಏರಿದಂತೆ ಇದರ ಅಸಲೂ ಏರುತ್ತದೆ. ಹತ್ತು ವರ್ಷದ ಮಾಮೂಲಿ ಬಾಂಡಿನ ಇಳುವರಿ ಶೇ 4.5, ಟಿಪ್ಸ್‌ನದು ಶೇ 2 ಅಂದುಕೊಳ್ಳಿ. ವ್ಯತ್ಯಾಸ 2.5. ಹತ್ತು ವರ್ಷದಲ್ಲಿ ಹಣದುಬ್ಬರ ಸರಾಸರಿ ಅಷ್ಟೇ ಇದ್ದರೆ ಯಾವುದನ್ನು ಕೊಂಡರೂ ಸರಿಸಮ. ಜಾಸ್ತಿಯಾದರೆ ಟಿಪ್ಸ್ ಇಟ್ಟುಕೊಂಡವರು ಗೆದ್ದರು. ಈ ವ್ಯತ್ಯಾಸವೇ ಬ್ರೇಕ್‌ಈವನ್.

2008ರ ಬೇಸಿಗೆವರೆಗೂ ಅದು ಎರಡೂವರೆಯ ಆಸುಪಾಸಿನಲ್ಲೇ ಇತ್ತು. ನವೆಂಬರ್ ಹೊತ್ತಿಗೆ ಸೊನ್ನೆಯ ಹತ್ತಿರ ಬಂತು. ಐದು ವರ್ಷದ ಲೆಕ್ಕವಂತೂ ಸೊನ್ನೆಗಿಂತ ಕೆಳಗಿಳಿಯಿತು. ಜನರ ನಿರೀಕ್ಷೆ ಅಷ್ಟು ಬದಲಾಗಿತ್ತಾ? ಸ್ವಲ್ಪ ನಿಜ. ಕಚ್ಚಾ ತೈಲ ಕುಸಿದಿತ್ತು, ಆರ್ಥಿಕತೆ ಮುಗ್ಗರಿಸಿತ್ತು. ಆದರೆ ಅದೇ ಹೊತ್ತಿಗೆ ವೃತ್ತಿಪರ ಅಂದಾಜುಗಾರರನ್ನು ಕೇಳಿದಾಗ, ಹತ್ತು ವರ್ಷದ ಹಣದುಬ್ಬರ ಸುಮಾರು ಶೇ 2.5 ಅಂತಲೇ ಹೇಳಿದ್ದರು.

ನಡುವಿನ ಕಂದಕ ಎಲ್ಲಿಂದ ಬಂತು ಅಂದರೆ, ಮಾರಾಟದ ಒತ್ತಡದಿಂದ. ಸೆಪ್ಟೆಂಬರ್ 15ರಂದು ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾಗಿ ಬಿದ್ದಿತು. ಅದು ಟಿಪ್ಸ್ ಅಡವಿಟ್ಟು ಸಾಲ ಎತ್ತಿತ್ತು. ಸಾಲ ಕೊಟ್ಟು ಅಡವು ಇಟ್ಟುಕೊಂಡಿದ್ದವರು ಅವನ್ನು ಪೇಟೆಗೆ ತಂದು ಸುರಿದರು. ನಗದು ಬೇಕಾದ ಫಂಡ್‌ಗಳೂ ಮಾರಿದವು. ಕೊಳ್ಳುವವರೇ ಕಡಿಮೆ. ಬೆಲೆ ಬಿದ್ದಿತು, ಇಳುವರಿ ಏರಿತು. ಇತ್ತ ಹೆದರಿದವರೆಲ್ಲ ಸುಲಭವಾಗಿ ಮಾರಬಹುದಾದ ಮಾಮೂಲಿ ಟ್ರೆಷರಿಗೆ ಮುಗಿಬಿದ್ದರು; ಅದರ ಇಳುವರಿ ಇಳಿಯಿತು. ಎರಡೂ ಕಡೆಯಿಂದ ವ್ಯತ್ಯಾಸ ಕಿರಿದಾಯಿತು. ಹಣದುಬ್ಬರದ ಬಗ್ಗೆ ಯಾರೂ ಮನಸ್ಸು ಬದಲಿಸದಿದ್ದರೂ ಇಷ್ಟು ಆಗುತ್ತಿತ್ತು!

ಅಂದರೆ ಬ್ರೇಕ್‌ಈವನ್‌ನಲ್ಲಿ ಮೂರು ವಿಷಯ ಬೆರೆತಿರುತ್ತವೆ. ಮೊದಲನೆಯದು ನಿರೀಕ್ಷೆ. ಎರಡನೆಯದು, ಹಣದುಬ್ಬರ ಎಣಿಕೆ ಮೀರಬಹುದೆಂಬ ಭಯಕ್ಕೆ ಮಾಮೂಲಿ ಬಾಂಡ್ ಕೊಳ್ಳುವವರು ಕೇಳುವ ಹೆಚ್ಚುವರಿ. ಇದು ಅಂಕಿಯನ್ನು ಸಾಮಾನ್ಯವಾಗಿ ಮೇಲೆತ್ತುತ್ತದೆ. ಮೂರನೆಯದು, ಟಿಪ್ಸ್ ಬೇಕೆಂದಾಗ ಮಾರಲಾಗದ ತೊಂದರೆಗೆ ಸಿಗುವ ಹೆಚ್ಚುವರಿ ಇಳುವರಿ. ಇದು ಕೆಳಗೆ ಎಳೆಯುತ್ತದೆ. ಪೇಟೆ ಶಾಂತವಾಗಿದ್ದಾಗ ಇವೆರಡೂ ಒಂದಿಷ್ಟು ಹೊಡೆದು ಹೋಗುತ್ತವೆ. 2008ರಲ್ಲಿ ಮೂರನೆಯದು ಉಳಿದೆಲ್ಲವನ್ನೂ ಮುಳುಗಿಸಿತು.

ಹಾಗಾದರೆ ಗುರುತಿಸುವುದು ಹೇಗೆ? ನಾನಂತೂ ಮೊದಲು ಹಣದುಬ್ಬರದ ಸ್ವಾಪ್ ದರ ನೋಡುತ್ತೇನೆ. ಸ್ವಾಪ್ ಅಂದರೆ ಒಬ್ಬರು ನಿಗದಿತ ದರ, ಇನ್ನೊಬ್ಬರು ನಿಜವಾದ ಹಣದುಬ್ಬರ ಕೊಡುವ ಒಪ್ಪಂದ; ಆ ನಿಗದಿತ ದರವೇ ಸ್ವಾಪ್ ದರ. ಅದಕ್ಕೆ ಪೂರ್ತಿ ಬಾಂಡ್ ಕೊಳ್ಳುವ ಹಣ ಬೇಕಿಲ್ಲ. ಆ ದಿನಗಳಲ್ಲಿ ಸ್ವಾಪ್ ದರವೂ ಇಳಿದಿತ್ತು, ಆದರೆ ಬ್ರೇಕ್‌ಈವನ್‌ನಷ್ಟು ಅಲ್ಲ. ಎರಡೂ ದೂರ ಸರಿದರೆ ಅಲ್ಲಿ ಮಾತಾಡುತ್ತಿರುವುದು ಪೇಟೆಯ ಇಕ್ಕಟ್ಟು, ನಿರೀಕ್ಷೆಯೊಂದೇ ಅಲ್ಲ.

2008ರ ಕೊನೆಯಿಂದ 2018ರ ಕೊನೆವರೆಗೆ ಅಮೆರಿಕದ ಗ್ರಾಹಕ ಬೆಲೆಗಳು ವರ್ಷಕ್ಕೆ ಸರಾಸರಿ ಸುಮಾರು ಶೇ 1.8ರಂತೆ ಏರಿದವು. ಆ ನವೆಂಬರಿನಲ್ಲಿ ಟಿಪ್ಸ್ ಕೊಂಡು ಹತ್ತು ವರ್ಷ ಇಟ್ಟುಕೊಂಡವರಿಗೆ ಮಾಮೂಲಿ ಬಾಂಡಿಗಿಂತ ಹೆಚ್ಚುಕಡಿಮೆ ಅಷ್ಟೇ ಜಾಸ್ತಿ ಸಿಕ್ಕಿತು, ಪ್ರತಿ ವರ್ಷ.