ಬೋರಲ್ಲಿ ಮೂರಿಂಚು ನೀರಿದೆ, ವಾಟರ್ ಪ್ಲಾಂಟ್ ಹಾಕ್ಲಾ ಸಾರ್?

ಬ್ಯಾಂಕ್ ಲೋನಿಗೆ ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡೋದು ನನ್ನ ಕೆಲಸ, ಬೇಸಿಗೆ ಶುರುವಾಯ್ತು ಅಂದ್ರೆ ವಾರಕ್ಕೆ ಇಬ್ಬರಾದ್ರೂ ಇದೇ ಪ್ರಶ್ನೆ ಹಿಡ್ಕೊಂಡು ಬರ್ತಾರೆ. ಎಲ್ಲರದ್ದೂ ಒಂದೇ ಲೆಕ್ಕ: ನೀರು ನಮ್ಮ ಬೋರಿಂದು, ಪುಕ್ಕಟೆ, ಬಾಟಲಿ ಮೇಲೆ 20 ರೂಪಾಯಿ ಅಂತ ಪ್ರಿಂಟ್ ಹಾಕಿದ್ರೆ ಖರ್ಚು ಕಳೆದು 12-15 ರೂಪಾಯಿ ಉಳಿಯಲ್ವಾ ಅಂತ. ಉಳಿಯಲ್ಲ ಸ್ವಾಮಿ. ಪ್ರತಿಸಲ ಇದನ್ನೇ ಹೇಳಿ ಗಂಟಲು ಒಣಗಿದೆ, ಅದಕ್ಕೆ ಒಂದ್ಸಲ ಬರೆದೇ ಬಿಡ್ತೀನಿ.

ಹಾರ್ವರ್ಡಲ್ಲಿ ಪಾಠ ಮಾಡ್ತಿದ್ದ ಮೈಕೆಲ್ ಪೋರ್ಟರ್ 1979ರಲ್ಲೇ ಒಂದು ಮಾತು ಹೇಳಿದ್ರು. ಯಾವ ಧಂದೆಗಾದ್ರೂ ಇಳಿಯೋ ಮೊದಲು ಅದರ ಲಾಭಕ್ಕೆ ಐದು ಕಡೆಯಿಂದ ಯಾರ್ಯಾರು ಕೈ ಹಾಕ್ತಾರೆ ನೋಡಿ ಅಂತ: ಈಗಾಗ್ಲೇ ಇರೋ ಪೈಪೋಟಿಯವರು, ನಾಳೆ ಹೊಸದಾಗಿ ಬರೋರು, ನಮಗೆ ಮಾಲು ಕೊಡೋರು, ನಮ್ಮ ಹತ್ರ ಕೊಳ್ಳೋರು, ಮತ್ತೆ ನಮ್ಮ ಮಾಲಿನ ಬದಲಿಗೆ ಸಿಗೋ ಬೇರೆ ಮಾಲು. ನೀರಿನ ಧಂದೆಯಲ್ಲಿ ಐದೂ ಕೈ ಗಟ್ಟಿ, ಆದ್ರೆ ಜನ ನೋಡೋದು ಮೊದಲನೇದು ಮಾತ್ರ, "ಬಿಸ್ಲೇರಿ ಇದ್ರೇನು, ನಾವು ಎರಡು ರೂಪಾಯಿ ಕಮ್ಮಿ ಕೊಡೋಣ" ಅಂತ.

ಸರಿ, ಆ 20 ರೂಪಾಯಿ ಎಲ್ಲಿ ಹೋಗುತ್ತೆ ನೋಡೋಣ. ರೇಟುಗಳೆಲ್ಲ ಉದಾಹರಣೆಗೆ ಹಿಡಿದಿರೋದು, ನಿಮ್ಮೂರಿಂದು ನೀವು ಹಾಕ್ಕೊಳಿ. ಹೊಸ ಲೋಕಲ್ ಬ್ರ್ಯಾಂಡ್ ಬಾಟಲಿಯನ್ನ ಅಂಗಡಿಯವರು 9 ರೂಪಾಯಿಗಿಂತ ಮೇಲೆ ತಗೊಳಲ್ಲ ಅಂತ ಇಟ್ಕೊಳಿ, ಯಾಕಂದ್ರೆ ಗಿರಾಕಿ ಬಂದು "ನೀರು ಕೊಡಿ" ಅಂತಾನೆ, ಹೆಸರು ಹೇಳಲ್ಲ, ಯಾವ ಬಾಟಲಿ ಕೈಗೆ ಕೊಡ್ಬೇಕು ಅನ್ನೋದು ಅಂಗಡಿಯವರ ಇಷ್ಟ, ಅವರಿಗೆ ಯಾವುದರಲ್ಲಿ ಜಾಸ್ತಿ ಉಳಿಯುತ್ತೋ ಅದೇ ಫ್ರಿಜ್ ಸೇರುತ್ತೆ. ಅಂದ್ರೆ 11 ರೂಪಾಯಿ ಅಲ್ಲೇ ಹೋಯ್ತು. ಡಿಸ್ಟ್ರಿಬ್ಯೂಟರ್‌ಗೆ ಒಂದೂವರೆ. ನಿಮಗೆ ಬರೋದು 7.50, ಅದರೊಳಗಿನ 5% ಜಿಎಸ್‌ಟಿ ತೆಗೆದ್ರೆ 7.14. ಈಗ ಖರ್ಚು: ಬಾಟಲಿ ಆಗೋ ಪ್ಲಾಸ್ಟಿಕ್ ಕೊಳವೆ, ಅಂದ್ರೆ ಪ್ರಿಫಾರ್ಮ್, ಸುಮಾರು 20 ಗ್ರಾಂ, ಕೆಜಿಗೆ 110ರಂತೆ 2.20. ಮುಚ್ಚಳ, ಲೇಬಲ್, ಮೇಲೆ ಸುತ್ತೋ ಶ್ರಿಂಕ್ ಕವರ್ ಸೇರಿ 1 ರೂಪಾಯಿ. ಕರೆಂಟು, ಕೂಲಿ, ಲ್ಯಾಬ್ ಟೆಸ್ಟಿಂಗ್ ಒಂದೂವರೆ (ಪ್ರಿಫಾರ್ಮ್ ಊದಿ ಬಾಟಲಿ ಮಾಡೋ ಬ್ಲೋಯಿಂಗ್ ಮೆಷಿನ್ನಿನ ಕಂಪ್ರೆಸರ್ ಕರೆಂಟ್ ಕುಡಿಯೋದು ನೋಡಿದ್ರೆ ಮೀಟರಿನ ಮುಂದೆ ನಿಲ್ಲಕ್ಕೇ ಭಯ ಆಗುತ್ತೆ). ಗಾಡಿ ಬಾಡಿಗೆ 80 ಪೈಸೆ. ಒಟ್ಟು 5.50. ಉಳಿದಿದ್ದು 1.64.

ಹದಿನೈದು ಅಂದ್ರಲ್ಲ, ಒಂದೂ ಮುಕ್ಕಾಲು ಕೂಡ ಇಲ್ಲ. ಇಷ್ಟಕ್ಕೇ ಮುಗಿದಿಲ್ಲ. ಹೊಸ ಬ್ರ್ಯಾಂಡಿಗೆ ಡಿಸ್ಟ್ರಿಬ್ಯೂಟರ್ ಮೊದಲು ಕೇಳೋದೇ "ಸ್ಕೀಮ್ ಏನಿದೆ?" ಅಂತ. ಹತ್ತು ಕೇಸಿಗೆ ಒಂದು ಫ್ರೀ ಅಂದ್ರಿ ಅನ್ಕೊಳಿ, ಹತ್ತರ ದುಡ್ಡಲ್ಲಿ ಹನ್ನೊಂದು ಕಳಿಸ್ಬೇಕು, 7.14 ಇದ್ದದ್ದು 6.49 ಆಯ್ತು, ಕೈಯಲ್ಲಿ ಉಳಿಯೋದು 1 ರೂಪಾಯಿ ಚಿಲ್ಲರೆ ಅಲ್ಲ, ಒಂದಕ್ಕೆ ಒಂದು ಪೈಸೆ ಕಮ್ಮಿ. ಲೋನ್ ಕಂತು, ಒಡೆದದ್ದು, ಅಂಗಡಿ ಸಾಲ ವಸೂಲಾಗದೇ ಉಳಿದದ್ದು, ಎಲ್ಲಾ ಆ ಒಂದು ರೂಪಾಯಿಯಲ್ಲೇ.

ಮಾಲು ಕೊಡೋರ ಕೈನೂ ಇಲ್ಲೇ ಕಾಣುತ್ತೆ. ಪ್ರಿಫಾರ್ಮ್ ರೇಟು ಅದರ ಕಚ್ಚಾಮಾಲು ಪೆಟ್ ರೆಸಿನ್ ಜೊತೆ ಏರುತ್ತೆ ಇಳಿಯುತ್ತೆ, ರೆಸಿನ್ ಬರೋದು ಕಚ್ಚಾ ತೈಲದ ಕಡೆಯಿಂದ, ತಿಂಗಳಿಗೆ ನಾಲ್ಕು ಟನ್ ತಗೊಳೋ ನಿಮ್ಮ ಮಾತು ಅಲ್ಲಿ ಯಾರೂ ಕೇಳಲ್ಲ. ಕೆಜಿಗೆ 15 ರೂಪಾಯಿ ಏರಿದ್ರೆ ಬಾಟಲಿಗೆ 30 ಪೈಸೆ, ಒಂದು ರೂಪಾಯಿಯಲ್ಲಿ ಹತ್ತತ್ರ ಮೂರನೇ ಒಂದು ಭಾಗ. ನೀರು ಪುಕ್ಕಟೆ ಅನ್ನೋದು ನಿಜಾನೇ, ಆದ್ರೆ ನೀವು ಮಾರ್ತಿರೋದು ಪ್ಲಾಸ್ಟಿಕ್ಕು ಮತ್ತೆ ಲಾರಿ ಬಾಡಿಗೆ.

ಆಮೇಲೆ 2025ರ ಸೆಪ್ಟೆಂಬರ್ 22ರಿಂದ ಬಾಟಲಿ ನೀರಿನ ಜಿಎಸ್‌ಟಿ 18ರಿಂದ 5% ಆಯ್ತಲ್ಲ, ಲಾಭ ಆಯ್ತು ಅಂತ ಖುಷಿಪಡೋರಿಗೆ ಒಂದು ಮಾತು: ಪ್ರಿಫಾರ್ಮಿಗೆ ನೀವು ಕಟ್ಟೋದು ಇನ್ನೂ 18%. ಕಟ್ಟಿದ್ದು ಜಾಸ್ತಿ, ವಸೂಲು ಮಾಡೋದು ಕಮ್ಮಿ, ಮಧ್ಯದ ದುಡ್ಡು ರೀಫಂಡ್ ಬರೋವರೆಗೂ ಸಿಕ್ಕಾಕ್ಕೊಂಡಿರುತ್ತೆ. ರೇಟು ಇಳಿದಿದ್ದರ ಲಾಭ ಹೋಗಿದ್ದು ಗಿರಾಕಿಗೆ, ರೈಲ್ವೆಯವರ ಲೀಟರ್ ರೈಲ್ ನೀರ್ ಬಾಟಲಿ 15ರಿಂದ 14 ರೂಪಾಯಿ ಆಯ್ತು ನೋಡಿ. ಸ್ಟೇಷನ್ನಲ್ಲಿ 14ಕ್ಕೆ ಕುಡಿದವನಿಗೆ ನಿಮ್ಮ 20 ರೂಪಾಯಿ ಹೆಸರಿಲ್ಲದ ಬಾಟಲಿ ಯಾಕೆ?

ಹೊಸಬರು ಬರೋ ಬಾಗಿಲಂತೂ ಇನ್ನೂ ಅಗಲ ಆಗಿದೆ. ಮೊದಲು ಐಎಸ್‌ಐ ಮಾರ್ಕ್ ಕಡ್ಡಾಯ ಇತ್ತು, 2024ರ ಅಕ್ಟೋಬರಲ್ಲಿ ಆ ಕಡ್ಡಾಯ ತೆಗೆದ್ರು, ನವೆಂಬರಲ್ಲಿ ಆಹಾರ ಸುರಕ್ಷತೆಯವರ ಹೈ ರಿಸ್ಕ್ ಪಟ್ಟಿಗೆ ಸೇರಿಸಿ ತಪಾಸಣೆ, ಆಡಿಟ್ ಇಟ್ಟರು. ನಿಮಗೆ ಸುಲಭ ಆಯ್ತು ಅಂದ್ರೆ ಪಕ್ಕದ ಹಳ್ಳಿಯವನಿಗೂ ಅಷ್ಟೇ ಸುಲಭ. ಬಾಗಿಲು ಗಟ್ಟಿ ಇರೋದು ಒಂದೇ ಕಡೆ, ಅಂತರ್ಜಲ. ಕೋಲಾರದಂಥ ಅತಿಬಳಕೆ ಪ್ರದೇಶದಲ್ಲಿ ನಿಮ್ಮ ಬೋರಲ್ಲಿ ಮೂರಿಂಚು ಇದ್ರೂ ನೀರೆತ್ತೋ ಎನ್ಒಸಿ ಸಿಗುತ್ತಾ ಅನ್ನೋದೇ ಮೊದಲನೇ ಪ್ರಶ್ನೆ. ಮೆಷಿನ್ನಿಗೆ ಅಡ್ವಾನ್ಸ್ ಕೊಟ್ಟಮೇಲೆ ಕೇಳೋದಲ್ಲ ಅದು.

"ಬಾಟಲಿ ಬೇಡ ಬಿಡಿ ಸಾರ್, 20 ಲೀಟರ್ ಕ್ಯಾನ್?" ಇದು ಸ್ವಲ್ಪ ಬುದ್ಧಿವಂತ ಪ್ರಶ್ನೆ. ಇಲ್ಲಿ ಪ್ರಿಫಾರ್ಮ್ ಕಾಟ ಇಲ್ಲ, ಅಂಗಡಿಯವರ 11 ರೂಪಾಯಿನೂ ಇಲ್ಲ. ಆದ್ರೆ ಬದಲಿ ಮಾಲಿನ ಏಟು ಇಲ್ಲೇ ಜೋರು: ಊರ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದ್ರೆ ಬಿಂದಿಗೆ ತುಂಬುತ್ತೆ, ದುಡ್ಡಿರೋರ ಮನೇಲಿ ಆರ್‌ಒ ಇದೆ. ಮಧ್ಯದಲ್ಲಿ ಉಳಿಯೋದು ಹೊತ್ತು ತರಕ್ಕೆ ಆಗದೇ ಇರೋರು: ಆಫೀಸು, ಪಿಜಿ, ಗಾರ್ಮೆಂಟ್ಸು, ಛತ್ರ. ಅವರು ತಗೊಳೋದು ನೀರಲ್ಲ, ಮೂರನೇ ಮಹಡಿಗೆ ಹೊತ್ತು ಇಡೋದನ್ನ.

ನನಗೆ ಗೊತ್ತಿರೋ ಒಬ್ಬರು ತುಮಕೂರು ಕಡೆ 600 ಕ್ಯಾನ್ ಇಟ್ಟು ಶುರು ಮಾಡಿದ್ರು, ಡೆಪಾಸಿಟ್ ಕೇಳಿದ್ರೆ ಗಿರಾಕಿ ಓಡಿಹೋಗ್ತಾರೆ ಅಂತ ಕೇಳಲಿಲ್ಲ. ಒಂದು ವರ್ಷಕ್ಕೆ ಲೆಕ್ಕ ಹಾಕಿದಾಗ 220 ಕ್ಯಾನ್ ನಾಪತ್ತೆ. ಒಂದು ಮದುವೆ ಛತ್ರದ ಹಿಂದೆ ಅವರದ್ದೇ ಕ್ಯಾನ್ ಅರ್ಧಕ್ಕೆ ಕುಯ್ದು ಕರಿಬೇವಿನ ಗಿಡ ನೆಟ್ಟಿದ್ರು. ವಾಪಸ್ ಬಂದದ್ದರಲ್ಲಿ ಒಂದಷ್ಟು ಸೀಮೆಎಣ್ಣೆ ವಾಸನೆ, ಅದು ಎಷ್ಟು ತೊಳೆದ್ರೂ ಹೋಗಲ್ಲ, ಎಸೀಬೇಕು ಅಷ್ಟೇ.

ಆದ್ರಿಂದ ನನ್ನ ಉತ್ತರ: ತಾಲೂಕು ಊರಲ್ಲಿ ಲೀಟರ್ ಬಾಟಲಿ ಪ್ಲಾಂಟಿಗೆ ನಾನು ರಿಪೋರ್ಟ್ ಬರೆಯಲ್ಲ. ಕ್ಯಾನ್ ಆದ್ರೆ, ಪ್ಲಾಂಟಿಂದ ಹತ್ತು ಕಿಲೋಮೀಟರ್ ಒಳಗೆ ತಿಂಗಳ ಬಿಲ್ ಮೇಲೆ ತಗೊಳೋ ಜಾಗಗಳು ಎಷ್ಟಿವೆ ಅಂತ ಮೊದಲು ಬೈಕಲ್ಲಿ ಸುತ್ತಿ ಹೆಸರು ಬರ್ಕೊಂಡು ಬನ್ನಿ, ದಿನಕ್ಕೆ ಆಗೋ ಕ್ಯಾನಲ್ಲಿ ಅರ್ಧ ಅಲ್ಲೇ ಹೋಗುತ್ತೆ ಅಂದ್ರೆ, ಕ್ಯಾನ್ ಡೆಪಾಸಿಟ್ ಕೊಡಕ್ಕೆ ಅವರು ಒಪ್ಪಿದ್ರೆ, ಆಗ ಕೂತು ಮಾತಾಡೋಣ.

ಯಾರೂ ಕೇಳದೇ ಇದ್ರೂ ಇನ್ನೊಂದು ಹೇಳ್ಬೇಕು. ನೀವು ತಯಾರಿಸೋದು ಮಿನರಲ್ ವಾಟರ್ ಅಲ್ಲ. ಮಿನರಲ್ ವಾಟರ್ ಅಂದ್ರೆ ಚಿಲುಮೆ ಥರದ ಸಹಜ ಮೂಲದ ನೀರು, ಅದರ ಸ್ಟ್ಯಾಂಡರ್ಡ್ ಐಎಸ್ 13428. ಬೋರ್ ನೀರನ್ನ ಆರ್‌ಒ ಮಾಡಿ ತುಂಬೋದು ಪ್ಯಾಕೇಜ್ಡ್ ಡ್ರಿಂಕಿಂಗ್ ವಾಟರ್, ಐಎಸ್ 14543. ಲೇಬಲ್ ಮೇಲೆ ತಪ್ಪು ಹಾಕ್ಬೇಡಿ. ಮತ್ತೆ ಗಿರಾಕಿ ಮುಂದೆ ಟಿಡಿಎಸ್ ಮೀಟರ್ ಅದ್ದಿ "40 ಇದೆ ನೋಡಿ, ಶುದ್ಧ" ಅಂತ ತೋರಿಸ್ತಾರಲ್ಲ, ಆ ಮೀಟರ್ ನೋಡೋದು ಕರಗಿರೋ ಉಪ್ಪಿನಂಶ ಮಾತ್ರ, ನೀರಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅನ್ನೋದರ ಮೇಲೆ. ಸರಿಯಾಗಿ ತೊಳೆಯದೇ ಇರೋ ಕ್ಯಾನಲ್ಲಿ ಬ್ಯಾಕ್ಟೀರಿಯಾ ತುಂಬಿದ್ರೂ ಅದು 40 ಅಂತಾನೇ ತೋರಿಸುತ್ತೆ.