ಶಾಲೆಯಿಂದ ಬರುವಾಗ ಮಗಳ ಚಡ್ಡಿ ಒದ್ದೆ: ತೊಂದರೆ ಮೂತ್ರಕೋಶದ್ದೋ, ಹೊಟ್ಟೆಯದ್ದೋ?

ಪ್ರಶ್ನೆ: ನನ್ನ ಮಗಳಿಗೆ 8 ವರ್ಷ. ಬದಿಯಡ್ಕದ ಹತ್ತಿರ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸು. ಕೆಲವು ತಿಂಗಳಿಂದ ಶಾಲೆ ಬಿಟ್ಟು ಬರುವಾಗ ಚಡ್ಡಿ ಒದ್ದೆಯಾಗಿರುತ್ತದೆ. ಮನೆ ಅಂಗಳ ಮುಟ್ಟಿದ್ದೇ ಚೀಲ ಎಸೆದು ಟಾಯ್ಲೆಟ್‌ಗೆ ಓಡುತ್ತಾಳೆ, ಬಾಗಿಲಲ್ಲೇ ಹೋಗಿಬಿಡುತ್ತದೆ. ರಾತ್ರಿ ಹಾಸಿಗೆ ಒದ್ದೆ ಮಾಡುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಸೋಂಕು ಇಲ್ಲ ಎಂದಿದ್ದಾರೆ. ಸುಮ್ನೆ ಉದಾಸೀನವಾ? ಮೂತ್ರಕೋಶಕ್ಕೆ ಔಷಧಿ ಬೇಕಾ?

ಉತ್ತರ: ಉದಾಸೀನ ಅಲ್ಲ. ಔಷಧಿ ಬೇಕಾಗಬಹುದು, ಆದರೆ ಮೊದಲ ಔಷಧಿ ಮೂತ್ರಕೋಶಕ್ಕಲ್ಲ, ಹೊಟ್ಟೆಗೆ. ಯಾಕೆ ಅಂತ ಹೇಳುತ್ತೇನೆ.

ಪತ್ರ ಬಂದ ಮೇಲೆ ಈ ತಾಯಿಗೆ ಒಂದು ಕೆಲಸ ಕೊಟ್ಟಿದ್ದೆ. ಒಂದು ಶನಿವಾರ, ಭಾನುವಾರ ಮಗಳು ಎಷ್ಟು ಹೊತ್ತಿಗೆ ಮೂತ್ರಕ್ಕೆ ಹೋದಳು, ಎಷ್ಟು ಹೋಯಿತು ಎಂದು ಬೇರೆ ಇಟ್ಟ ಅಳತೆ ಲೋಟದಲ್ಲಿ ಹಿಡಿದು ಬರೆಯುವುದು. ಶಾಲೆಯ ದಿನಗಳಲ್ಲಿ ಹೊತ್ತು ಮಾತ್ರ ಸಾಕು. ಜೊತೆಗೆ ಒಂದು ವಾರ ಎರಡಕ್ಕೆ ಹೋದದ್ದರ ಲೆಕ್ಕ: ಯಾವಾಗ, ಹೇಗಿತ್ತು.

ಅವರು ಕಳಿಸಿದ ಲೆಕ್ಕ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಶಾಲೆಯ ದಿನ ಬೆಳಿಗ್ಗೆ ಎದ್ದಾಗ ಒಮ್ಮೆ, ಆಮೇಲೆ ಸಂಜೆ ನಾಲ್ಕೂವರೆಗೆ ಮನೆಯಲ್ಲೇ. ನಡುವೆ ಇಲ್ಲವೇ ಇಲ್ಲ. ಕೇಳಿದರೆ ಹುಡುಗಿ ಹೇಳಿದ್ದು, ಶಾಲೆಯ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ, ಒಳಗಿಂದ ಒಂದು ಕೈಯಲ್ಲಿ ಬಾಗಿಲು ಹಿಡಿದುಕೊಂಡೇ ಕೂರಬೇಕು ಅಂತ. ಹಾಗಾಗಿ ಅವಳು ನೀರಿನ ಬಾಟಲಿಯನ್ನೂ ಮುಟ್ಟುವುದಿಲ್ಲ. ಕೇರಳದ ಹಲವು ಶಾಲೆಗಳಲ್ಲಿ 2019ರ ಹೊತ್ತಿಗೆ ನೀರು ಕುಡಿಯಲೆಂದೇ ಗಂಟೆ ಹೊಡೆಯಲು ಶುರುಮಾಡಿದ್ದರು. ಒಳ್ಳೆಯದೇ. ಆದರೆ ಕುಡಿದದ್ದು ಹೋಗುವ ಜಾಗಕ್ಕೆ ಚಿಲಕವೂ ಬೇಕಲ್ವಾ?

ಈ ವಯಸ್ಸಿನ ಮಕ್ಕಳು ದಿನಕ್ಕೆ 4ರಿಂದ 7 ಸಲ ಮೂತ್ರಕ್ಕೆ ಹೋಗುವುದು ಸಹಜ. ಮೂರು ಅಥವಾ ಅದಕ್ಕಿಂತ ಕಡಿಮೆ ಎಂದರೆ ತಡೆದು ಇಟ್ಟುಕೊಳ್ಳುತ್ತಿದ್ದಾರೆ ಎಂದೇ ಲೆಕ್ಕ. ತಡೆಯುವುದು ಕಣ್ಣಿಗೂ ಕಾಣುತ್ತದೆ: ಕಾಲು ಹೆಣೆದು ನಿಲ್ಲುವುದು, ನಿಂತಲ್ಲೇ ಕುಣಿಯುವುದು. ಹೆಣ್ಣು ಮಕ್ಕಳು ಆಟದ ನಡುವೆ ತಟ್ಟನೆ ಕುಕ್ಕರುಗಾಲಲ್ಲಿ ಕೂತು ಹಿಮ್ಮಡಿಯನ್ನು ಕೆಳಗೆ ಒತ್ತಿಕೊಂಡು, ಅರ್ಧ ನಿಮಿಷ ಬಿಟ್ಟು ಏನೂ ಆಗದ ಹಾಗೆ ಎದ್ದು ಹೋಗುತ್ತಾರೆ. ಚಪ್ಪಲಿ ಸರಿ ಮಾಡ್ತಿದ್ದಾಳೆ ಅಂತ ಮನೆಯವರು ಅಂದುಕೊಳ್ಳುತ್ತಾರೆ.

ಮೂತ್ರಕೋಶದ ಅಳತೆಗೆ ಒಂದು ಅಂದಾಜು ಲೆಕ್ಕ ಇದೆ. ವಯಸ್ಸಿಗೆ ಒಂದು ಸೇರಿಸಿ 30ರಿಂದ ಗುಣಿಸಿ. 8 ವರ್ಷಕ್ಕೆ ಸುಮಾರು 270 ಮಿಲಿಲೀಟರ್. ಈ ಹುಡುಗಿಗೆ ಭಾನುವಾರ ಹಗಲು ಬಂದದ್ದು 80, 60, 110. ಅಂದರೆ ಅರ್ಧವೂ ತುಂಬುವ ಮೊದಲೇ ಮೂತ್ರಕೋಶ ಹಿಂಡಿಕೊಳ್ಳುತ್ತಿದೆ. ಆಗ ಅವಳಿಗೆ ಸಿಗುವುದು ಕೆಲವೇ ಸೆಕೆಂಡು. ಬಾಗಿಲಲ್ಲೇ ಹೋಗಿಬಿಡುವುದು ಇದರಿಂದಲೇ. ಬೈದು ಪ್ರಯೋಜನ ಇಲ್ಲ.

ಇನ್ನು ಎರಡಕ್ಕೆ ಹೋದ ಲೆಕ್ಕ. ತಾಯಿ ಮೊದಲು ಹೇಳಿದ್ದು "ಮಲಬದ್ಧತೆ ಏನಿಲ್ಲ, ದಿನಾ ಹೋಗ್ತಾಳೆ" ಎಂದು. ಬರೆದದ್ದು ಬೇರೆಯೇ ಇತ್ತು. ನಾಲ್ಕು ದಿನ ಆಡಿನ ಹಿಕ್ಕೆಯ ಹಾಗೆ ಎರಡು ಮೂರು ಗಟ್ಟಿ ಉಂಡೆ, ಎರಡು ದಿನ ಏನೂ ಇಲ್ಲ, ಏಳನೇ ದಿನ ಬಕೆಟ್ ನೀರು ಹೊಯ್ದರೂ ಇಳಿಯದಷ್ಟು ದಪ್ಪದ್ದು. ಜೊತೆಗೆ ಚಡ್ಡಿಯಲ್ಲಿ ಕಂದು ಕಲೆ. ಇದು ಮಲಬದ್ಧತೆಯೇ. ದಿನಾ ಸ್ವಲ್ಪ ಹೋಗುತ್ತಿದ್ದರೂ ಒಳಗೆ ಹಳೆಯದು ಕೂತೇ ಇರುತ್ತದೆ.

ಮೂತ್ರಕೋಶದ ಬೆನ್ನಿಗೇ ಗುದನಾಳ ಇರುವುದು. ಬಸ್ಸಿನಲ್ಲಿ ಪಕ್ಕದವರು ಮಡಿಲಲ್ಲಿ ದೊಡ್ಡ ಚೀಲ ಇಟ್ಟುಕೊಂಡರೆ ನಾವು ಮುದುಡಿ ಕೂರಬೇಕಾಗುತ್ತದಲ್ಲ, ಹಾಗೆ ಗಟ್ಟಿ ಮಲ ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುತ್ತದೆ. ಅದು ಸಣ್ಣದಕ್ಕೂ ಕೆರಳುತ್ತದೆ. ಎರಡನ್ನೂ ತಡೆಯುವ ಸ್ನಾಯುಗಳ ಗುಂಪೂ ಒಂದೇ. ದಿನವಿಡೀ ಬಿಗಿಹಿಡಿದು ಅಭ್ಯಾಸವಾದ ಮಗುವಿಗೆ ಮೂತ್ರ ಮಾಡುವಾಗಲೂ ಅದು ಸಡಿಲವಾಗುವುದಿಲ್ಲ. ಧಾರೆ ತಡೆದು ತಡೆದು ಬರುತ್ತದೆ, ಕೊನೆಯಲ್ಲಿ ಸ್ವಲ್ಪ ಒಳಗೇ ಉಳಿಯುತ್ತದೆ. ಹಾಗೆ ಉಳಿದದ್ದೇ ಮುಂದೆ ಸೋಂಕಿಗೂ ದಾರಿ. ಸ್ಕ್ಯಾನಿಂಗ್ ಮಾಡಿಸಿದರೆ ಉಳಿದ ಮೂತ್ರವೂ ಕಾಣುತ್ತದೆ, ಮೂತ್ರಕೋಶದ ಹಿಂದೆ ಹಿಗ್ಗಿದ ಗುದನಾಳವೂ ಕಾಣುತ್ತದೆ. ಅದರ ಅಗಲ 3 ಸೆಂಟಿಮೀಟರ್ ದಾಟಿದ್ದರೆ ಮಲ ತುಂಬಿದೆ ಎಂಬ ಗುಮಾನಿ ಬಲವಾಗುತ್ತದೆ.

ಆದ್ದರಿಂದ ಮೊದಲು ಹೊಟ್ಟೆ ಖಾಲಿಯಾಗಬೇಕು. ಇದಕ್ಕೆ ಬಾಳೆಹಣ್ಣು, ಪಪ್ಪಾಯಿ ಸಾಕಾಗುವುದಿಲ್ಲ. ಬಸಳೆ, ಹೆಸರುಕಾಳು, ಪೇರಳೆ ಎಲ್ಲ ಆಮೇಲೆ ಕಾಪಾಡಿಕೊಳ್ಳಲು. ಗಟ್ಟಿ ಕೂತದ್ದನ್ನು ಇಳಿಸಲು ಹೆಚ್ಚಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿ, ನೀರಲ್ಲಿ ಕಲಸಿ. ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.5 ಗ್ರಾಂ, 3ರಿಂದ 6 ದಿನ. 22 ಕಿಲೋ ಇರುವ ಈ ಮಗುವಿಗೆ ದಿನಕ್ಕೆ 22ರಿಂದ 33 ಗ್ರಾಂ ಆಯಿತು. ನಿಮ್ಮ ಮಗುವಿಗೆ ಎಷ್ಟೆಂದು ನೋಡಿದ ವೈದ್ಯರೇ ಹೇಳಬೇಕು. ಆ ದಿನಗಳಲ್ಲಿ ಹೇಳದೆ ಕೇಳದೆ ಹೋಗಿಬಿಡಬಹುದು, ಅದಕ್ಕೇ ರಜೆಯಲ್ಲಿ ಶುರುಮಾಡಿ. ನಂತರ ಕಿಲೋಗೆ 0.4 ಗ್ರಾಂ ಆಸುಪಾಸಿಗೆ ಇಳಿಸಿ ಕನಿಷ್ಠ ಎರಡು ತಿಂಗಳು. ಮೆತ್ತಗಾಯಿತು ಅಂತ ಎರಡೇ ವಾರಕ್ಕೆ ನಿಲ್ಲಿಸುವವರೇ ಜಾಸ್ತಿ. ಹಿಗ್ಗಿದ ಗುದನಾಳ ಅಷ್ಟು ಬೇಗ ಹಳೆಯ ಅಳತೆಗೆ ಬರುವುದಿಲ್ಲ, ಮತ್ತೆ ತುಂಬುತ್ತದೆ.

ಜೊತೆಗೇ ಹೊತ್ತಿಗೆ ಸರಿಯಾಗಿ ಟಾಯ್ಲೆಟ್. ಬಂದಾಗ ಹೋಗುವುದಲ್ಲ, ಗಂಟೆ ನೋಡಿ ಹೋಗುವುದು, ಬರದಿದ್ದರೂ. ಈ ಹುಡುಗಿಗೆ ಹೀಗೆ ಮಾಡಿಕೊಟ್ಟೆ: ಎದ್ದ ಕೂಡಲೇ, ಮನೆ ಬಿಡುವ ಮುಂಚೆ, ಬೆಳಗಿನ ಇಂಟರ್ವಲ್, ಊಟದ ಹೊತ್ತು, ಮಧ್ಯಾಹ್ನದ ಇಂಟರ್ವಲ್, ಮನೆಗೆ ಬಂದಾಗ, ಮಲಗುವ ಮುಂಚೆ. ಏಳು ಸಲ. ಬೆಳಿಗ್ಗೆ ತಿಂಡಿಯಾದ ಮೇಲೆ ಐದು ಹತ್ತು ನಿಮಿಷ ಎರಡಕ್ಕೆ ಕೂರುವುದು ಬೇರೆ. ಹೊಟ್ಟೆಗೆ ಬಿದ್ದ ಕೂಡಲೇ ಕರುಳು ಚುರುಕಾಗುವುದರಿಂದ ಆ ಹೊತ್ತು ಒಳ್ಳೆಯದು.

ಕೂರುವ ರೀತಿಯೂ ಮುಖ್ಯ. ಚಡ್ಡಿ ಮೊಣಕಾಲಿಗಿಂತ ಕೆಳಗೆ, ಕಾಲು ಅಗಲ, ಮುಕ್ಕುವುದು ಬೇಡ. ಕಮೋಡ್ ಆದರೆ ಕಾಲಡಿಗೆ ಮಣೆ. ಕಾಲು ಜೋಡಿಸಿ ಕೂತರೆ ಮೂತ್ರ ಸ್ವಲ್ಪ ಯೋನಿಯೊಳಗೆ ನಿಂತು, ಎದ್ದು ನಡೆದಾಗ ಹನಿಯುತ್ತದೆ. ಕೆಲವು ಹುಡುಗಿಯರ ಇಡೀ ತೊಂದರೆ ಇಷ್ಟೇ ಆಗಿರುತ್ತದೆ.

ಒಂದು ಕೈಯಲ್ಲಿ ಬಾಗಿಲು ಹಿಡಿದು ಸ್ನಾಯು ಸಡಿಲ ಬಿಡಲು ಯಾರಿಂದಲೂ ಆಗದು. ಕ್ಲಾಸ್ ಟೀಚರ್ ಹತ್ತಿರ ಮಾತಾಡಿ ಒಂದು ಚಿಲಕ ಹಾಕಿಸಿ. ಪಾಠದ ನಡುವೆ ಕೇಳಿದರೂ ಬಿಡಬೇಕೆಂದು ಹೇಳಿಡಿ.

ಹೊಟ್ಟೆ ಸರಿಯಾದ ಮೇಲೂ ಅವಸರ ಹಾಗೇ ಉಳಿದರೆ ಆಗ ಮೂತ್ರಕೋಶ ಶಾಂತ ಮಾಡುವ ಆಕ್ಸಿಬ್ಯುಟಿನಿನ್‌ನಂಥ ಮಾತ್ರೆಯ ಯೋಚನೆ. ಅದು ಮಲವನ್ನು ಗಟ್ಟಿ ಮಾಡುತ್ತದೆ. ಮೊದಲೇ ಕೊಟ್ಟರೆ ಹೊಟ್ಟೆ ಇನ್ನೂ ಕಟ್ಟಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡುತ್ತಾ ಕಾಯುವುದು ಸರಿಯಲ್ಲದ ಮಕ್ಕಳೂ ಇದ್ದಾರೆ. ಹುಟ್ಟಿದಾಗಿನಿಂದ ಒಮ್ಮೆಯೂ ಒಣಗಿರದ, ಸದಾ ಹನಿಯುವ ಹುಡುಗಿಗೆ ಮೂತ್ರನಾಳ ತಪ್ಪಾದ ಜಾಗದಲ್ಲಿ ತೆರೆದಿರಬಹುದು. ಧಾರೆ ತೀರಾ ಸಣ್ಣಗಿರುವ, ಮುಕ್ಕಿ ಮಾಡಬೇಕಾದ ಹುಡುಗನಿಗೆ ಒಳಗೆ ಅಡ್ಡಿ ಇರಬಹುದು. ಸೊಂಟದ ಕೆಳಗೆ ಕೂದಲ ಗೊಂಚಲೋ ಕುಳಿಯೋ ಇದ್ದರೆ, ನಡಿಗೆ ಬದಲಾದರೆ ಬೆನ್ನುಹುರಿ ನೋಡಿಸಬೇಕು. ಜ್ವರ, ಮೂತ್ರದಲ್ಲಿ ರಕ್ತ ಇದ್ದರೂ ತಡ ಬೇಡ. ಇದ್ದಕ್ಕಿದ್ದಂತೆ ಜಾಸ್ತಿ ಬಾಯಾರಿಕೆ, ಜಾಸ್ತಿ ಮೂತ್ರ ಶುರುವಾಗಿ ಮಗು ಇಳಿದುಹೋಗುತ್ತಿದ್ದರೆ ಅದೇ ದಿನ ಸಕ್ಕರೆ ಪರೀಕ್ಷೆ ಮಾಡಿಸಿ.