ಆರು ಎಕರೆಗೆ ಸ್ವಂತ ಟ್ರ್ಯಾಕ್ಟರ್ ಬೇಕಾ?

ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ ಕೂತವರಿಗೆ ಮುಂಗಾರಿಗೆ ಮುಂಚೆ ತಪ್ಪದೆ ಕೇಳಿಬರುವ ಮಾತೊಂದಿದೆ. "ಬಾಡಿಗೆಗೆ ಕೊಡೋ ರೊಕ್ಕದಾಗ ಕಂತು ಕಟ್ಟಬಹುದಲ್ರೀ ಸರ್?" ಹಾವೇರಿ ಕಡೆಯ ರೈತರೊಬ್ಬರು ಇದನ್ನೇ ಕೇಳಿದರು. ಆರು ಎಕರೆ ಹೊಲ. ನಾಲ್ಕು ಎಕರೆ ಮಳೆಯಾಶ್ರಿತ ಗೋವಿನಜೋಳ, ಎರಡು ಎಕರೆ ಬೋರ್‌ವೆಲ್ ಮೇಲೆ ತರಕಾರಿ. ಹಾಳೆ ತಗೊಂಡು ಇಬ್ಬರೂ ಲೆಕ್ಕಕ್ಕೆ ಕೂತೆವು.

ಮೊದಲು ಬರೆದದ್ದು ದುಡ್ಡಲ್ಲ, ಗಂಟೆ. ಜೋಳದ ಹೊಲಕ್ಕೆ ಒಂದು ಸಲ ಆಳದ ಉಳುಮೆ, ಎಕರೆಗೆ ಎರಡು ಗಂಟೆಯಂತೆ ಎಂಟು. ಎರಡು ಸಲ ಕಲ್ಟಿವೇಟರ್, ಮತ್ತೆ ಎಂಟು. ಒಂದು ಸಲ ರೋಟಾವೇಟರ್ ಐದು, ಬಿತ್ತನೆಗೆ ನಾಲ್ಕು. ಅಲ್ಲಿಗೆ ಇಪ್ಪತ್ತೈದು. ತರಕಾರಿ ವರ್ಷಕ್ಕೆ ಎರಡು ಬೆಳೆ, ಹನ್ನೆರಡು ಗಂಟೆ. ಗೊಬ್ಬರ ಹೇರಲು, ಮಾಲು ಸಾಗಿಸಲು ಹದಿಮೂರು. ಒಟ್ಟು 50 ಗಂಟೆ. ಅವರಿಗೆ ನಂಬಿಕೆಯೇ ಬರಲಿಲ್ಲ. ವರ್ಷವಿಡೀ ಟ್ರ್ಯಾಕ್ಟರ್ ಹಿಂದೆಯೇ ಓಡಾಡಿದಂತೆ ಅನಿಸಿರುತ್ತೆ, ಅಲ್ವಾ? ಕೆಲಸ ಮಾಡಿದ್ದಕ್ಕಿಂತ ಕಾದದ್ದೇ ಜಾಸ್ತಿ, ಅದಕ್ಕೆ.

ಅವರ ಊರಲ್ಲಿ ಡೀಸೆಲ್, ಡ್ರೈವರ್ ಎಲ್ಲ ಸೇರಿ ಬಾಡಿಗೆ ಸರಾಸರಿ ಗಂಟೆಗೆ 1,100 ರೂಪಾಯಿ. ಅಂದರೆ ವರ್ಷಕ್ಕೆ 55,000.

ಈಗ ಸ್ವಂತದ್ದರ ಲೆಕ್ಕ. ಅವರು ನೋಡಿಟ್ಟಿದ್ದ 45 ಎಚ್‌ಪಿ ಗಾಡಿಗೆ ಏಳೂವರೆ ಲಕ್ಷ. ರೋಟಾವೇಟರ್, ಕಲ್ಟಿವೇಟರ್, ಟ್ರೇಲರ್ ಸೇರಿ ಇನ್ನೂ ಮೂರೂವರೆ. ಒಟ್ಟು ಹನ್ನೊಂದು ಲಕ್ಷ. 2025ರ ಸೆಪ್ಟೆಂಬರ್‌ನಲ್ಲಿ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದ ಮೇಲೆ ಷೋರೂಮಿನಲ್ಲಿ ಜನ ಜಾಸ್ತಿಯಾದರು, ನಿಜ. ಆದರೆ ನಮ್ಮ ಲೆಕ್ಕ ಬುಡಮೇಲಾಗುವಷ್ಟು ಅದರಿಂದ ಉಳಿಯುವುದಿಲ್ಲ.

ಹತ್ತು ವರ್ಷ ಓಡಿಸಿ ಎಲ್ಲ ಮಾರಿದರೆ ಮೂರು ಲಕ್ಷ ಬರುತ್ತೆ ಅಂತಿಟ್ಟುಕೊಳ್ಳಿ. ಎಂಟು ಲಕ್ಷ ಸವೆಯಿತು, ವರ್ಷಕ್ಕೆ 80,000. ಸಾಲ ಇರಲಿ, ಕೈದುಡ್ಡೇ ಇರಲಿ, ಸರಾಸರಿ ಏಳು ಲಕ್ಷ ಅದರಲ್ಲಿ ಕೂತಿರುತ್ತೆ. 10 ಪರ್ಸೆಂಟ್ ಬಡ್ಡಿ ಅಂದರೆ 70,000. ಇನ್ಶೂರೆನ್ಸ್, ಶೆಡ್ಡು, ಬ್ಯಾಟರಿ ಅಂತ 15,000. ಕೀ ತಿರುಗಿಸದೆ ಮನೆ ಮುಂದೆ ನಿಲ್ಲಿಸಿದರೂ ವರ್ಷಕ್ಕೆ 1,65,000 ಹೋಗುತ್ತೆ.

ಓಡಿಸಿದರೆ ಗಂಟೆಗೆ ಸುಮಾರು ಐದು ಲೀಟರ್ ಡೀಸೆಲ್, 450 ರೂಪಾಯಿ. ಆಯಿಲ್, ಟೈರು, ರಿಪೇರಿಗೆ 100. ಡ್ರೈವರಿಗೆ 150. ಒಟ್ಟು 700. ಅಂದರೆ ಬಾಡಿಗೆಗಿಂತ ಗಂಟೆಗೆ 400 ಮಾತ್ರ ಉಳಿತಾಯ. ಆ 1,65,000 ಹುಟ್ಟಬೇಕಾದರೆ ವರ್ಷಕ್ಕೆ ಸುಮಾರು 410 ಗಂಟೆ ಗಾಡಿ ದುಡಿಯಬೇಕು. ಅವರ ಹೊಲಕ್ಕೆ ಬೇಕಾದದ್ದು 50.

"ಉಳಿದದ್ದು ಊರವರಿಗೆ ಬಾಡಿಗೆ ಹೊಡೀತೀನ್ರೀ" ಅಂದರು. ಎಲ್ಲರೂ ಹೇಳುವ ಮಾತೇ. ಇಲ್ಲಿಗೆ ಬರುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತೆ ನೋಡಿ. ಇದು ಹೊಲಕ್ಕೆ ಟ್ರ್ಯಾಕ್ಟರ್ ಕೊಳ್ಳುವುದಲ್ಲ, 360 ಗಂಟೆಯ ಬಾಡಿಗೆ ವ್ಯಾಪಾರ ಶುರು ಮಾಡುವುದು. ಹಾಗಾಗಿ ಕೇಳಬೇಕಾದದ್ದೂ ಬೇರೆ. ಊರಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರ್ ಇವೆ? ಮುಂಗಾರು, ಹಿಂಗಾರು ಸೀಸನ್ ಬಿಟ್ಟರೆ ಕೆಲಸ ಎಲ್ಲಿಂದ ಬರುತ್ತೆ? ಉದ್ರಿ ಹೇಳಿದವರ ದುಡ್ಡು ಸುಗ್ಗಿ ಮುಗಿದ ಮೇಲಾದರೂ ಬರುತ್ತಾ? ಇನ್ನೊಂದು: ಕೃಷಿಗೆ ಅಂತ ಇನ್ಶೂರೆನ್ಸ್ ಮಾಡಿಸಿದ ಗಾಡಿಯಲ್ಲಿ ಬಾಡಿಗೆಗೆ ಮರಳು, ಇಟ್ಟಿಗೆ ಹೇರಿ ಅಪಘಾತವಾದರೆ ಕಂಪನಿ ಕೈಯೆತ್ತುವ ಅಪಾಯ ಇದೆ. ಟ್ರೇಲರಿನಲ್ಲಿ ಜನರನ್ನು ಕೂರಿಸಿದರೂ ಅಷ್ಟೇ.

ಕಂತಿನ ಮಾತು ಬೇರೆ. ಎಂಟೂವರೆ ಲಕ್ಷ ಸಾಲ, ಏಳು ವರ್ಷ, ಆರು ತಿಂಗಳಿಗೊಮ್ಮೆ ಕಂತು ಅಂದರೆ ಪ್ರತಿ ಸಲ ಸುಮಾರು 86,000. ಜೋಳ ಕೈಕೊಟ್ಟ ವರ್ಷ ಬಾಡಿಗೆಯೂ ಕೈಕೊಡುತ್ತೆ, ಯಾಕಂದರೆ ಪಕ್ಕದ ಹೊಲದವರಿಗೂ ಅದೇ ಮಳೆ. ಈ ಒಂದು ಕಾರಣಕ್ಕೇ ಬಾಡಿಗೆ ನಂಬಿ ಸಾಲ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಸ್ವಂತದ್ದೇ ಬೇಕು ಅನ್ನುವವರ ಹತ್ತಿರ ಒಂದು ಗಟ್ಟಿ ಕಾರಣ ಇದೆ, ಅದು ಹದ. ಮಳೆ ಬಿದ್ದು ಬಿಸಿಲು ಬಂದರೆ ಕೆಂಪು ನೆಲದಲ್ಲಿ ಬಿತ್ತನೆಯ ಹದ ಮೂರ್ನಾಲ್ಕು ದಿನ ಇದ್ದರೆ ಹೆಚ್ಚು. ಆ ದಿನಗಳಲ್ಲೇ ಊರಿಗೆ ಊರೇ ಟ್ರ್ಯಾಕ್ಟರ್ ಕೇಳುತ್ತೆ. ಈ ನಷ್ಟಕ್ಕೂ ಬೆಲೆ ಕಟ್ಟಿದೆವು. ತಡವಾಗಿ ಬಿತ್ತಿ ಎಕರೆಗೆ ಎರಡು ಕ್ವಿಂಟಲ್ ಕಮ್ಮಿ ಬಂತು ಅಂತಿಟ್ಟರೂ ನಾಲ್ಕು ಎಕರೆಗೆ ಎಂಟು ಕ್ವಿಂಟಲ್, ಕ್ವಿಂಟಲ್‌ಗೆ 2,000 ಅಂದರೆ 16,000 ರೂಪಾಯಿ. ಬೆಳೆಯೇ ತಪ್ಪಿಹೋಗುವ ವರ್ಷ ಇದಕ್ಕಿಂತ ಜಾಸ್ತಿ, ಒಪ್ಪಿದೆ. ಆದರೆ ಬರೀ ತಮ್ಮ 50 ಗಂಟೆಗೆ ಗಾಡಿ ಇಟ್ಟುಕೊಂಡರೆ ವರ್ಷದ ಖರ್ಚು ಎರಡು ಲಕ್ಷ, ಬಾಡಿಗೆಗಿಂತ 1,45,000 ಹೆಚ್ಚು. ಅದರ ಬದಲು ಮಾಲೀಕರಿಗೆ ಏಪ್ರಿಲ್‌ನಲ್ಲೇ ಮುಂಗಡ ಕೊಟ್ಟು, ಸೀಸನ್ನಿನ 25 ಗಂಟೆಗೆ 300 ರೂಪಾಯಿ ಜಾಸ್ತಿ ಕೊಡ್ತೀನಿ, ಹದ ಬಂದಾಗ ಮೊದಲು ನನ್ನ ಹೊಲಕ್ಕೆ ಬನ್ನಿ ಅಂದರೆ? ಹೆಚ್ಚಿಗೆ ಹೋಗುವುದು 7,500. ನೂರಿನ್ನೂರಕ್ಕೆ ಚೌಕಾಶಿ ಮಾಡಿ ಸರದಿಯಲ್ಲಿ ಕೊನೆಗೆ ನಿಲ್ಲುವುದಕ್ಕಿಂತ ಇದು ವಾಸಿ. ಸರ್ಕಾರದ ಕೃಷಿ ಯಂತ್ರಧಾರೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ, ಬಾಡಿಗೆಯೂ ಕಮ್ಮಿ. ಆದರೆ ಹದದ ದಿನ ಅಲ್ಲೂ ಸಾಲು ಇರುತ್ತೆ, ಆಳದ ಉಳುಮೆಯಂಥ ಅವಸರವಿಲ್ಲದ ಕೆಲಸಕ್ಕೆ ಅವನ್ನು ಬಳಸಿಕೊಳ್ಳಿ.

ಗಂಟೆ ಲೆಕ್ಕದ ಬಾಡಿಗೆಯಲ್ಲಿ ದುಡ್ಡು ಸೋರುವುದು ಬೇರೆ ಕಡೆ. ಯಾವ ಗಂಟೆ ಅಂತ ಮೊದಲೇ ಮಾತಾಡಿ. ಹಳೇ ಮುಳ್ಳಿನ ಮೀಟರು ಎಣಿಸುವುದು ಎಂಜಿನ್ ಸುತ್ತುಗಳನ್ನು. ಎಂಜಿನ್ ನಿಧಾನ ತಿರುಗಿದರೆ ಅದೂ ನಿಧಾನ, ಹಾಗಾಗಿ ಕೈಗಡಿಯಾರಕ್ಕೂ ಅದಕ್ಕೂ ತಾಳೆಯಾಗದು. ಹೊಲಕ್ಕೆ ಬರುವ ಹೊತ್ತು, ಡ್ರೈವರ್ ಫೋನಿನಲ್ಲಿ ನಿಂತ ಹೊತ್ತು ಯಾರ ಲೆಕ್ಕಕ್ಕೆ ಅನ್ನುವುದೂ ತೀರ್ಮಾನವಾಗಲಿ. ಉದ್ದಕ್ಕೆ ಹೊಡೆಯಲು ಹೇಳಿ, ಅಡ್ಡಕ್ಕೆ ಹೊಡೆದರೆ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತೆ.

ಹಾಗಂತ ಎಕರೆ ಲೆಕ್ಕಕ್ಕೆ ಮಾತಾಡಿದರೆ ಇನ್ನೊಂದು ತೊಂದರೆ. ಡ್ರೈವರ್ ಮೇಲಿನ ಗೇರಿಗೆ ಹಾಕಿ ರೋಟಾವೇಟರ್ ಓಡಿಸಿಬಿಡುತ್ತಾನೆ. ಮೇಲೆ ನುಣ್ಣಗೆ ಕಾಣುತ್ತೆ. ಎರಡು ಸುತ್ತು ಆಗುತ್ತಲೇ ಮೂರ್ನಾಲ್ಕು ಕಡೆ ಕೈಯಿಂದ ಮಣ್ಣು ಕೆದರಿ ನೋಡಿ. ನಾಲ್ಕು ಇಂಚು ಸಡಿಲ ಇರಬೇಕಾದಲ್ಲಿ ಎರಡಕ್ಕೇ ಗಟ್ಟಿ ನೆಲ ಸಿಕ್ಕರೆ, ಮುಷ್ಟಿಗಾತ್ರದ ಹೆಂಟೆ ಉಳಿದಿದ್ದರೆ, ಅಲ್ಲೇ ನಿಲ್ಲಿಸಿ ಗೇರು ಇಳಿಸಲು ಹೇಳಿ. ಹೊಲ ಮುಗಿದ ಮೇಲೆ ಜಗಳ ಆಡಿ ಉಪಯೋಗವಿಲ್ಲ.

ಸೆಕೆಂಡ್ ಹ್ಯಾಂಡ್ ಲೆಕ್ಕವನ್ನೂ ಹಾಕಿದೆವು. ಸಲಕರಣೆ ಸೇರಿ ನಾಲ್ಕು ಲಕ್ಷಕ್ಕೆ ಸಿಕ್ಕರೆ ನಿಂತಲ್ಲಿಯ ಖರ್ಚು 75,000ಕ್ಕೆ ಇಳಿಯುತ್ತೆ. ರಿಪೇರಿ ಹೆಚ್ಚಾಗಿ ಉಳಿತಾಯ ಗಂಟೆಗೆ 300 ಅಂದರೆ 250 ಗಂಟೆ ಬೇಕು. ಅವರ ಇಬ್ಬರು ತಮ್ಮಂದಿರ ಹೊಲ ಸೇರಿಸಿದರೆ 150 ಗಂಟೆ. ಉಳಿದ ನೂರು ಊರಲ್ಲಿ ಸಿಗಬಹುದು. ಇದು ಆಗುವ ಮಾತು ಅನಿಸಿತು. ಆದರೆ ಆರ್‌ಸಿಯಲ್ಲಿ ಹಳೇ ಸಾಲದ ನಮೂದು ತೆಗೆಸಿರಬೇಕು, ಹದ ಬಂದ ದಿನ ಮೊದಲು ಯಾರ ಹೊಲ ಅನ್ನುವುದನ್ನು ಮೂವರೂ ಈಗಲೇ ಬರೆದಿಟ್ಟುಕೊಳ್ಳಬೇಕು ಅಂದೆ. ಎರಡನೆಯದನ್ನು ಕೇಳಿ ಅವರು ನಕ್ಕರು. "ಅದನ್ನ ಬರೆಯೋದಕ್ಕಿಂತ ಸಾಲ ತಗೊಳ್ಳೋದ ಸುಲಭ ಬಿಡ್ರೀ" ಅಂದರು. ಆ ವರ್ಷ ಮುಂಗಡ ಕೊಟ್ಟು ಬಾಡಿಗೆಗೇ ಮಾತಾಡಿಕೊಂಡರು.